ರಾತ್ರಿ ಎರಡಕ್ಕೆ ಹಸಿವು, ಬೆಳಿಗ್ಗೆ ತಿಂಡಿ ಸೇರದು: ಥರ್ಡ್ ಶಿಫ್ಟ್‌ನ ಹೊಟ್ಟೆಯನ್ನು ಓದುವುದು ಹೇಗೆ

"ಮೇಡಂ ನಮಸ್ತೆ. ನಂಗೆ 34 ವರ್ಷ, ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್. ಐದು ತಿಂಗಳಿಂದ ವಾರ ವಾರ ಶಿಫ್ಟ್ ಬದಲಾಗ್ತಿದೆ. ನೈಟ್ ಬಂದಾಗ ಹೊಟ್ಟೆ ಪೂರ್ತಿ ಹಾಳು. ಬೆಳಿಗ್ಗೆ ಮನೆಗೆ ಬಂದ್ರೆ ತಿಂಡಿ ಸೇರಲ್ಲ, ರಾತ್ರಿ ಎರಡು ಗಂಟೆಗೆ ಸಿಕ್ಕಾಪಟ್ಟೆ ಹಸಿವು. ಮೋಶನ್ ಮೂರು ದಿನಕ್ಕೊಂದ್ಸಲ, ಗಟ್ಟಿ. ಒಮ್ಮೊಮ್ಮೆ ಲೂಸ್. ಒಂದು ಡಯಟ್ ಚಾರ್ಟ್ ಕಳಿಸಿ."

ಆಹಾರ ತಜ್ಞರ ಫೋನಿಗೆ ಈ ಧಾಟಿಯ ಸಂದೇಶ ಬರುವುದು ಈಗ ಮಾಮೂಲಿ. ಮೇಲಿನದು ಯಾರೋ ಒಬ್ಬರದಲ್ಲ, ಇಂಥ ಹಲವರ ದೂರುಗಳನ್ನು ಸೇರಿಸಿ ಕಟ್ಟಿದ ಉದಾಹರಣೆ. ಇದಕ್ಕೆ ಸಾಮಾನ್ಯವಾಗಿ ಹೋಗುವ ಉತ್ತರ ಒಂದು ಪಿಡಿಎಫ್: ಬೆಳಿಗ್ಗೆ ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಹಣ್ಣು, ಒಂದಕ್ಕೆ ಊಟ, ರಾತ್ರಿ ಎಂಟಕ್ಕೆ ಎರಡು ಚಪಾತಿ. ಹನ್ನೊಂದಕ್ಕೂ ಒಂದಕ್ಕೂ ಆತ ಮಲಗಿರುತ್ತಾನೆ. ಆ ಚಾರ್ಟ್ ಎರಡು ದಿನ ಫ್ರಿಜ್ ಬಾಗಿಲ ಮೇಲಿದ್ದು ಆಮೇಲೆ ಕಾಣೆಯಾಗುತ್ತದೆ.

ಸಂದೇಶದಲ್ಲಿ ದೂರು ಇದೆ, ಕಾಯಿಲೆಯ ಸುಳಿವೂ ಇದೆ. ಇಲ್ಲದಿರುವುದು ಗಂಟೆಗಳ ಲೆಕ್ಕ. ಏನು ತಿಂದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಎಷ್ಟು ಗಂಟೆಗೆ ತಿಂದೆ ಎಂಬುದನ್ನು ಕೇಳದೆ ಯಾರೂ ಹೇಳುವುದಿಲ್ಲ. ರಾತ್ರಿ ಪಾಳಿಯವರ ಹೊಟ್ಟೆಯ ವಿಷಯದಲ್ಲಿ ಉತ್ತರದ ಮುಕ್ಕಾಲು ಪಾಲು ಇರುವುದು ಅಲ್ಲೇ.

ಆದರೆ ಗಂಟೆಯ ಲೆಕ್ಕಕ್ಕೆ ಇಳಿಯುವ ಮೊದಲು ಒಂದು ಸುತ್ತಿನ ಪ್ರಶ್ನೆಗಳು ಮುಗಿಯಬೇಕು. "ಶಿಫ್ಟ್‌ನಿಂದ ಹೀಗಾಗಿದೆ" ಎಂದು ಕೆಲಸಗಾರನೇ ತೀರ್ಮಾನಿಸಿಕೊಂಡು ಬಂದಿರುತ್ತಾನೆ. ಆ ತೀರ್ಮಾನ ಒಪ್ಪಿಕೊಂಡುಬಿಟ್ಟರೆ ಶಿಫ್ಟ್‌ಗೆ ಸಂಬಂಧವೇ ಇಲ್ಲದ ರೋಗವೊಂದು ತಿಂಗಳುಗಟ್ಟಲೆ ಕಣ್ತಪ್ಪಿ ಉಳಿಯಬಹುದು. ಮಲದಲ್ಲಿ ರಕ್ತ ಕಂಡಿದೆಯೇ? ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿದೆಯೇ? ಪ್ರಯತ್ನಪಡದೆಯೇ ತೂಕ ಇಳಿದಿದೆಯೇ? ಗಾಢ ನಿದ್ದೆಯಿಂದ ಎಬ್ಬಿಸಿ ಓಡಿಸುವಂಥ ಭೇದಿ ಇದೆಯೇ? ಜ್ವರ, ನುಂಗಲು ಕಷ್ಟ, ರಕ್ತಹೀನತೆ ಇದೆಯೇ? ಹತ್ತಿರದ ರಕ್ತಸಂಬಂಧಿಗಳಲ್ಲಿ ಕರುಳಿನ ಕ್ಯಾನ್ಸರ್ ಇತ್ತೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಆಹಾರದ ಮಾತು ಅಲ್ಲಿಗೇ ನಿಲ್ಲಬೇಕು, ಆತ ವೈದ್ಯರ ಬಳಿ ಹೋಗಬೇಕು. ನಲವತ್ತೈದು ದಾಟಿದವರಲ್ಲಿ ಮಲದ ಅಭ್ಯಾಸ ಹೊಸದಾಗಿ ಬದಲಾಗಿ ಹಾಗೆಯೇ ಉಳಿದರೆ, ಬೇರೇನೂ ಲಕ್ಷಣ ಇಲ್ಲದಿದ್ದರೂ ತೋರಿಸಿಕೊಳ್ಳುವುದೇ ಸರಿ.

ಮಾತ್ರೆಗಳ ಪ್ರಶ್ನೆಯನ್ನೂ ಬಿಡಬಾರದು. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸುತ್ತದೆ, ಗಟ್ಟಿಯನ್ನೂ ಮಾಡುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಹಲವರಲ್ಲಿ ಭೇದಿ ತರುತ್ತದೆ. ಹಸಿವು ಹೆಚ್ಚಿ ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ಮತ್ತು ಸಕ್ಕರೆ ಎರಡನ್ನೂ ನೋಡಬೇಕು. ಕಾರ್ಖಾನೆಯವರಲ್ಲಿ ವಿಶೇಷವಾಗಿ ಕೇಳಬೇಕಾದ್ದು ನೋವಿನ ಮಾತ್ರೆ. ಎಂಟು ಗಂಟೆ ನಿಂತು ಸೊಂಟ ಹಿಡಿದವರು ಮೆಡಿಕಲ್ ಶಾಪ್‌ನಿಂದ ಡೈಕ್ಲೊಫೆನಾಕ್ ತಂದು ಖಾಲಿ ಹೊಟ್ಟೆಗೆ, ಚಹಾದ ಜೊತೆ ನುಂಗುತ್ತಾರೆ. ಮಧ್ಯರಾತ್ರಿ ಹೊಟ್ಟೆ ಸುಟ್ಟಂತಾಗಿ, ಏನಾದರೂ ತಿಂದರೆ ಸಮಾಧಾನವಾಗುವುದನ್ನು ಅವರು "ಹಸಿವು" ಎಂದೇ ಕರೆಯುತ್ತಾರೆ. ಅದು ಹುಣ್ಣಿನ ಉರಿ ಆಗಿರಬಹುದು. ಪಾಳಿ ಕೆಲಸದವರಲ್ಲಿ ಜಠರದ ಹುಣ್ಣು ಹೆಚ್ಚು ಎಂಬುದು ಬಹಳ ಹಿಂದೆಯೇ ಗೊತ್ತಾಗಿರುವ ಸಂಗತಿ.

ನಮ್ಮ ಉದಾಹರಣೆಯವರಿಗೆ ಇದ್ಯಾವುದೂ ಇಲ್ಲ ಎಂದಿಟ್ಟುಕೊಳ್ಳೋಣ. ತೂಕ ಐದು ತಿಂಗಳಲ್ಲಿ ಎರಡು ಕಿಲೋ ಏರಿದೆ. ಇನ್ನೊಂದು ಮುಖ್ಯ ಸುಳಿವೂ ಇದೆ: ಸೆಕೆಂಡ್ ಶಿಫ್ಟ್ ವಾರದಲ್ಲಿ ಹೊಟ್ಟೆ ತಾನಾಗಿಯೇ ಸರಿಹೋಗುತ್ತದೆ. ಹೀಗೆ ಪಾಳಿಯ ಜೊತೆಗೇ ಬಂದು ಪಾಳಿಯ ಜೊತೆಗೇ ಹೋಗುವ ತೊಂದರೆಯ ಮೂಲ ಬಹುತೇಕ ಪಾಳಿಯೇ. ವಾರದ ರಜೆಯಲ್ಲೂ ಹಗಲು ಪಾಳಿಯಲ್ಲೂ ಒಂದೇ ಥರ ಇದ್ದರೆ ಬೇರೆ ಕಡೆ ಹುಡುಕಬೇಕು.

ಈಗ ಆತನಿಂದ ತರಿಸಿಕೊಳ್ಳಬೇಕಾದ್ದು ನೈಟ್ ಶಿಫ್ಟ್‌ನ ಮೂರು ದಿನಗಳ ದಾಖಲೆ. ತಿಂಡಿ, ಊಟ ಎಂಬ ಹೆಸರುಗಳು ಬೇಡ, ಗಡಿಯಾರದ ಸಮಯವಷ್ಟೇ ಸಾಕು. ಮಲಗಿದ್ದು, ಎದ್ದದ್ದು, ಬಾಯಿಗೆ ಹೋದ ಪ್ರತಿಯೊಂದು, ಚಹಾ ಕಾಫಿ ಎಷ್ಟು ಲೋಟ, ನೀರು ಎಷ್ಟು, ಶೌಚಕ್ಕೆ ಹೋದದ್ದು ಯಾವಾಗ. ಜೊತೆಗೆ, ಶೌಚದ ಒತ್ತಡ ಬಂದೂ ಹೋಗದೆ ತಡೆದುಕೊಂಡದ್ದು ಯಾವಾಗ. ಈ ಕೊನೆಯದನ್ನು ಯಾರೂ ತಾವಾಗಿ ಬರೆಯುವುದಿಲ್ಲ. ಮಲದ ಸ್ವರೂಪಕ್ಕೆ ಬ್ರಿಸ್ಟಲ್ ಚಾರ್ಟ್‌ನ ಚಿತ್ರ ಕಳಿಸಿ ನಂಬರ್ ಹೇಳಿಸಿಕೊಳ್ಳುವುದು ಒಳ್ಳೆಯದು. ವಿವರಿಸಲು ನಾಚುವವರೂ ನಂಬರ್ ಹೇಳುತ್ತಾರೆ. 1 ಮತ್ತು 2 ಎಂದರೆ ಮಲಬದ್ಧತೆ, 3 ಮತ್ತು 4 ಸರಿಯಾದದ್ದು, 6 ಮತ್ತು 7 ಭೇದಿ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಯಾವುದಾದರೂ ಸಹಜವೇ. ಆದ್ದರಿಂದ ಎಷ್ಟು ಸಲ ಎನ್ನುವುದಕ್ಕಿಂತ ಯಾವ ನಂಬರ್, ಮುಂಚೆ ಹೇಗಿತ್ತು ಎಂಬುದೇ ಮುಖ್ಯ.

ಆತ ಕಳಿಸಿದ ದಾಖಲೆಯ ಸಾರ ಇಷ್ಟು. ಪಾಳಿ ರಾತ್ರಿ 10ರಿಂದ ಬೆಳಿಗ್ಗೆ 6. ಕಂಪನಿ ಬಸ್ಸಿನಲ್ಲಿ 7:15ಕ್ಕೆ ಮನೆ. ಒಂದು ಲೋಟ ಕಾಫಿ ಕುಡಿದು 8:15ಕ್ಕೆ ಮಲಗುತ್ತಾರೆ. ಮಧ್ಯಾಹ್ನ 1:30ಕ್ಕೆ ಎಚ್ಚರ. 2ಕ್ಕೆ ಹೊಟ್ಟೆ ತುಂಬ ಅನ್ನ, ಸಾರು. 5:30ಕ್ಕೆ ಚಹಾ, ನಾಲ್ಕು ಬಿಸ್ಕತ್ತು. ರಾತ್ರಿ 8:45ಕ್ಕೆ ಬಸ್. ಅದಕ್ಕೂ ಮುಂಚೆ ಊಟವಿಲ್ಲ, "ಉಂಡು ಹೋದ್ರೆ ಮಷಿನ್ ಮುಂದೆ ತೂಕಡಿಕೆ ಬರುತ್ತೆ" ಎಂಬ ಕಾರಣಕ್ಕೆ. 11:30ಕ್ಕೆ ಚಹಾ. 2ಕ್ಕೆ ಕ್ಯಾಂಟೀನಿನಲ್ಲಿ ಅನ್ನ, ಸಾಂಬಾರ್, ಪಲ್ಯ, ಹಪ್ಪಳ, ಎರಡನೇ ಸಲ ಅನ್ನ. 3:30ಕ್ಕೆ ಚಹಾ, 5ಕ್ಕೆ ಮತ್ತೊಂದು. ಪಾಳಿಯಲ್ಲಿ ಕುಡಿದ ನೀರು ಅರ್ಧ ಲೀಟರ್ ಬಾಟಲಿ ಒಂದು, ಅದೂ ಪೂರ್ತಿ ಅಲ್ಲ. ಶೌಚ ಮೂರನೇ ದಿನ, ನಂಬರ್ 1. ಒಂದು ರಾತ್ರಿ 4:30ಕ್ಕೆ ಹೊಟ್ಟೆ ನುಲಿದು ನಂಬರ್ 6. ತಡೆದುಕೊಂಡದ್ದು: ಬೆಳಿಗ್ಗೆ 6:30ಕ್ಕೆ, ಬಸ್ಸಿನಲ್ಲಿ, ಎರಡು ದಿನ.

ಈ ಕೊನೆಯ ಸಾಲು ಇಡೀ ದಾಖಲೆಯಲ್ಲೇ ಬೆಲೆಬಾಳುವ ಸಾಲು. ಅದು ಯಾಕೆಂದು ತಿಳಿಯಲು ದೇಹದ ಗಡಿಯಾರದ ಬಗ್ಗೆ ಸ್ವಲ್ಪ ಹೇಳಬೇಕು.

ಮೆದುಳಿನ ಹೈಪೊಥಲಮಸ್ ಭಾಗದಲ್ಲಿ ಒಂದು ಮುಖ್ಯ ಗಡಿಯಾರವಿದೆ. ಅದು ಸಮಯ ಸರಿಪಡಿಸಿಕೊಳ್ಳುವುದು ಕಣ್ಣಿಗೆ ಬೀಳುವ ಬೆಳಕಿನಿಂದ. ಯಕೃತ್ತು, ಮೇದೋಜೀರಕ ಗ್ರಂಥಿ, ಕರುಳು ಇವುಗಳ ಜೀವಕೋಶಗಳಲ್ಲೂ ತಮ್ಮದೇ ಗಡಿಯಾರಗಳಿವೆ. ಅವು ಮೆದುಳಿನ ಮಾತು ಕೇಳುತ್ತವೆ, ಜೊತೆಗೆ ಊಟದ ಹೊತ್ತನ್ನೂ ಕೇಳುತ್ತವೆ. ಜೀವಕೋಶದೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಒಂದು ವಾರದ ನೈಟ್ ಶಿಫ್ಟ್‌ಗೆ ಮೆದುಳಿನ ಗಡಿಯಾರ ತಿರುಗಿ ನಿಲ್ಲುವುದಿಲ್ಲ. ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯಬಲ್ಲದು, ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಬೀಳುವ ಬಿಸಿಲು ಅದನ್ನೂ ಹಿಂದಕ್ಕೆ ಎಳೆಯುತ್ತದೆ. ಆದ್ದರಿಂದ ಪಾಳಿ ಬದಲಾದರೂ ನಮ್ಮ ಆಪರೇಟರ್‌ನ ದೇಹಕ್ಕೆ ಬೆಳಿಗ್ಗೆ ಏಳು ಎಂದರೆ ಬೆಳಿಗ್ಗೆ ಏಳೇ.

ಇದನ್ನು ಇಟ್ಟುಕೊಂಡು ಹಸಿವನ್ನು ನೋಡಿ. 2013ರಲ್ಲಿ ಅಮೆರಿಕದ ಸಂಶೋಧಕರು ಜನರನ್ನು ಮಂದ ಬೆಳಕಿನ ಪ್ರಯೋಗಾಲಯದಲ್ಲಿಟ್ಟು, ನಿದ್ದೆ ಮತ್ತು ಊಟದ ಪ್ರಭಾವವನ್ನು ಬೇರ್ಪಡಿಸಿ, ಹಸಿವು ಗಡಿಯಾರದ ಜೊತೆ ಹೇಗೆ ಏರಿಳಿಯುತ್ತದೆ ಎಂದು ಅಳೆದರು. ಹಸಿವು ತೀರಾ ಕಡಿಮೆಯಿದ್ದದ್ದು ಬೆಳಿಗ್ಗೆ ಎಂಟರ ಹೊತ್ತಿಗೆ, ಹೆಚ್ಚಿದ್ದದ್ದು ರಾತ್ರಿ ಎಂಟರ ಹೊತ್ತಿಗೆ. ಅಂದರೆ ಬೆಳಿಗ್ಗೆ 7:15ಕ್ಕೆ ತಿಂಡಿ ಸೇರದಿರುವುದು ರೋಗವಲ್ಲ, ಅದು ಗಡಿಯಾರದ ಸಹಜ ಇಳಿತ. ಕ್ಯಾಂಟೀನ್ ಊಟ ಎರಡಕ್ಕೆ ಒಳಗೆ ಹೋಗಿರುವುದರಿಂದ ಅದು ಇನ್ನಷ್ಟು ಗಾಢವಾಗಿದೆ. ವಿಚಿತ್ರವೆಂದರೆ, ಹಸಿವು ಸಹಜವಾಗಿ ಮೇಲೇರುವ ರಾತ್ರಿ ಏಳೆಂಟರ ಹೊತ್ತಿನಲ್ಲೇ ಆತ ಉಪವಾಸ ಹೊರಡುತ್ತಿದ್ದಾರೆ. ಮಧ್ಯಾಹ್ನ ಎರಡರಿಂದ ರಾತ್ರಿ ಎರಡರವರೆಗೆ, ಹನ್ನೆರಡು ಗಂಟೆಯಲ್ಲಿ ಹೊಟ್ಟೆಗೆ ಬಿದ್ದದ್ದು ಬಿಸ್ಕತ್ತು ಮತ್ತು ಚಹಾ.

ಎರಡು ಗಂಟೆಯ ಸಿಕ್ಕಾಪಟ್ಟೆ ಹಸಿವಿಗೆ ಇನ್ನೊಂದು ಕಾರಣ ನಿದ್ದೆ. ಆತನ ನಿದ್ದೆ ಐದೂಕಾಲು ಗಂಟೆ. ನಿದ್ದೆ ಕಡಿತವಾದಾಗ ಹಸಿವು ಹುಟ್ಟಿಸುವ ಗ್ರೆಲಿನ್ ಏರಿ, ಸಾಕು ಎನ್ನಿಸುವ ಲೆಪ್ಟಿನ್ ಇಳಿಯುತ್ತದೆ ಎಂದು 2004ರ ಒಂದು ಪ್ರಯೋಗ ತೋರಿಸಿತು. ಆಗ ಮನಸ್ಸು ಹೋಗುವುದು ಸಿಹಿ, ಉಪ್ಪಿನ ಕುರುಕಲು, ಅನ್ನ ಬ್ರೆಡ್ಡುಗಳ ಕಡೆಗೇ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು ಬಾಯಿಚಪಲದಿಂದಲ್ಲ.

ಆದರೆ ಆ ಊಟ ಬೀಳುವುದು ಜಠರ ನಿಧಾನವಾಗಿರುವ ಹೊತ್ತಿನಲ್ಲಿ. ಬೆಳಗಿನ ಊಟಕ್ಕಿಂತ ರಾತ್ರಿಯ ಊಟ ಜಠರದಿಂದ ತಡವಾಗಿ ಖಾಲಿಯಾಗುತ್ತದೆ. ಮೆಲಟೋನಿನ್ ಏರಿರುವಾಗ ಇನ್ಸುಲಿನ್ ಸ್ರವಿಸುವಿಕೆ ಕುಗ್ಗುತ್ತದೆ, ಆದ್ದರಿಂದ ಅದೇ ಅನ್ನ ರಕ್ತದ ಸಕ್ಕರೆಯನ್ನು ಹಗಲಿಗಿಂತ ಹೆಚ್ಚು ಏರಿಸುತ್ತದೆ. 2021ರಲ್ಲಿ ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು 19 ಆರೋಗ್ಯವಂತ ಯುವಕ ಯುವತಿಯರ ಮೇಲೆ ಕೃತಕ ರಾತ್ರಿ ಪಾಳಿ ನಡೆಸಿದರು. ರಾತ್ರಿಯೂ ಉಂಡ ಗುಂಪಿನಲ್ಲಿ ರಕ್ತದ ಸಕ್ಕರೆ ಶೇ 6ಕ್ಕಿಂತ ಸ್ವಲ್ಪ ಹೆಚ್ಚೇ ಏರಿತು. ರಾತ್ರಿಯೆಲ್ಲ ಎಚ್ಚರವಿದ್ದರೂ ಹಗಲಿನಲ್ಲೇ ಉಂಡ ಗುಂಪಿನಲ್ಲಿ ಗಮನಾರ್ಹವಾಗಿ ಏರಲಿಲ್ಲ. ಇದು ಸಣ್ಣ ಪ್ರಯೋಗ, ಎರಡು ವಾರದ್ದು, ಭಾರ ಎತ್ತುವ ಕೆಲಸವಿಲ್ಲದ್ದು. ಹತ್ತು ವರ್ಷ ಥರ್ಡ್ ಶಿಫ್ಟ್ ಮಾಡಿದವರಿಗೆ ಇದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ದಿಕ್ಕು ಸ್ಪಷ್ಟವಿದೆ: ದೊಡ್ಡ ಊಟ ನಡುರಾತ್ರಿಯಿಂದ ಹೊರಗೆ ಬರಬೇಕು.

ಇನ್ನು ಶೌಚ. ದೊಡ್ಡಕರುಳು ನಿದ್ದೆಯಲ್ಲಿ ಬಹುತೇಕ ಸುಮ್ಮನಿರುತ್ತದೆ. ಎಚ್ಚರವಾದ ಕೂಡಲೇ, ಮತ್ತೆ ಊಟದ ನಂತರ, ಮಲವನ್ನು ಮುಂದೂಡುವ ದೊಡ್ಡ ಸಂಕೋಚನಗಳು ಬರುತ್ತವೆ. ಹೊಟ್ಟೆಗೆ ಆಹಾರ ಬಿದ್ದಾಗ ಕರುಳು ಜಾಗ ಮಾಡಿಕೊಡುವ ಈ ಪ್ರತಿಕ್ರಿಯೆ ಬೆಳಗಿನ ಹೊತ್ತಿನಲ್ಲಿ ಹೆಚ್ಚು ಜೋರು. ನಮ್ಮ ಆಪರೇಟರ್‌ಗೆ ಮುಂಚೆ ಎದ್ದು ಕಾಫಿ ಕುಡಿದ ಮೇಲೆ, ಆರೂವರೆಗೆ ಶೌಚವಾಗುತ್ತಿತ್ತು. ಆ ಆರೂವರೆಯ ಒತ್ತಡ ಈಗಲೂ ಬರುತ್ತಿದೆ, ಆದರೆ ಅವರು ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲಿ ಬಸ್ಸಿನಲ್ಲಿದ್ದಾರೆ. ತಡೆದುಕೊಂಡಾಗ ಗುದನಾಳ ಹಿಗ್ಗಿ ಒಪ್ಪಿಕೊಳ್ಳುತ್ತದೆ, ಒತ್ತಡ ಮಾಯವಾಗುತ್ತದೆ. ಮನೆ ತಲುಪುವಷ್ಟರಲ್ಲಿ ಹೋಗಬೇಕೆಂಬ ಭಾವನೆಯೇ ಇಲ್ಲ. ಮಲಗಿದ ಐದು ಗಂಟೆ ಕರುಳು ಸುಮ್ಮನೆ ನೀರು ಹೀರುತ್ತಾ ಮಲವನ್ನು ಒಣಗಿಸುತ್ತದೆ. ಕುಡಿದ ನೀರೂ ಕಡಿಮೆ. ಮೂರನೇ ದಿನಕ್ಕೆ ನಂಬರ್ 1.

ಹಾಗಿದ್ದರೆ ಮಧ್ಯೆ ಬಂದ ಭೇದಿ? ಇದಕ್ಕೆ ಮೂರು ಸಾಧ್ಯತೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಗಟ್ಟಿಮಲ ಕೆಳಗೆ ಕೂತಿದ್ದು ಅದರ ಪಕ್ಕದಿಂದ ನೀರಾದ ಮಲ ಜಾರುವುದು. ಆಗ ನಾಲ್ಕೈದು ದಿನ ಏನೂ ಆಗದೆ ಇದ್ದಕ್ಕಿದ್ದಂತೆ ಸ್ವಲ್ಪವೇ ಹೋಗುತ್ತದೆ, ಹೊಟ್ಟೆ ಹಗುರವಾಗುವುದಿಲ್ಲ. ಇದಕ್ಕೆ ಭೇದಿ ನಿಲ್ಲಿಸುವ ಲೊಪೆರಮೈಡ್ ನುಂಗಿದರೆ ತೊಂದರೆ ಇನ್ನೂ ಬಿಗಿಯಾಗುತ್ತದೆ. ಎರಡು, ಹಾಲಿನ ಚಹಾ ಮತ್ತು ಎಣ್ಣೆಯ ಊಟ ಸೇರಿ ಕರುಳನ್ನು ಕೆರಳಿಸುವುದು. ಹಾಲು ಜೀರ್ಣವಾಗದವರಲ್ಲಿ ಲೋಟಗಳು ಸೇರುತ್ತಾ ಹೋದಂತೆ ಗುಡುಗುಡು ಶುರುವಾಗುತ್ತದೆ. ಒಂದು ವಾರ ಹಾಲಿಲ್ಲದ ಚಹಾ ಕುಡಿದು ನೋಡಿದರೆ ಉತ್ತರ ಸಿಗುತ್ತದೆ.

ಮೂರನೆಯದನ್ನು ಬಹಳ ಕಡೆ ಯಾರೂ ಕೇಳುವುದೇ ಇಲ್ಲ. ಎರಡು ಗಂಟೆಗೆ ಬಡಿಸುವ ಅನ್ನ ಬೆಂದದ್ದು ಯಾವಾಗ? ಸಂಜೆ ಏಳಕ್ಕೆ ಮಾಡಿ, ಪಾತ್ರೆಯಲ್ಲಿ ಮುಚ್ಚಿಟ್ಟು, ಉಗುರುಬೆಚ್ಚಗೆ ಉಳಿದ ಅನ್ನ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗ. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಡಿಸುವವರೆಗೆ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ, ಕೈಗೆ ಸುಡುವಂತಿರಬೇಕು. ಗುರುತಿಸುವ ಬಗೆ ಸರಳ: ಅದೇ ರಾತ್ರಿ ಪಕ್ಕದ ಮಷಿನ್‌ನವರಿಗೂ ವಾಂತಿ ಅಥವಾ ಭೇದಿ ಆಯಿತೇ? ಚಿತ್ರಾನ್ನ, ಎಗ್ ರೈಸ್‌ನಂಥ ಒಂದೇ ಮೆನುವಿನ ದಿನವೇ ಆಗುತ್ತಿದೆಯೇ? ಹೌದಾದರೆ ಅದು ಕ್ಯಾಂಟೀನ್ ಸಮಿತಿಯ ಮುಂದೆ ಇಡಬೇಕಾದ ವಿಷಯ, ಡಯಟ್ ಚಾರ್ಟ್‌ನಿಂದ ಬಗೆಹರಿಯುವಂಥದ್ದಲ್ಲ. ನಮ್ಮ ಆಪರೇಟರ್ ವಿಚಾರಿಸಿದಾಗ ಬೇರೆ ಯಾರಿಗೂ ಆಗಿಲ್ಲ ಎಂದು ತಿಳಿಯಿತು, ಆದ್ದರಿಂದ ಮೊದಲ ಎರಡು ಕಾರಣಗಳ ಮೇಲೇ ಗಮನ.

ಈಗ ಯೋಜನೆ. ನೈಟ್ ಶಿಫ್ಟ್‌ಗೆ ಒಂದು, ಫಸ್ಟ್ ಶಿಫ್ಟ್‌ಗೆ ಇನ್ನೊಂದು, ರಜೆಗೆ ಮತ್ತೊಂದು ಎಂದು ಮೂರು ಚಾರ್ಟ್ ಕೊಡುವುದು ತಪ್ಪು ದಾರಿ. ಪ್ರತಿ ವಾರ ಊಟದ ಹೊತ್ತು ತಿರುಗಿಸಿದರೆ ಕರುಳಿನ ಗಡಿಯಾರ ಯಾವ ವಾರವೂ ನೆಲೆ ನಿಲ್ಲದು. ಅದರ ಬದಲು ಮೂರೂ ಪಾಳಿಯ ವೇಳಾಪಟ್ಟಿಯನ್ನು ಒಂದರ ಕೆಳಗೊಂದು ಬರೆದು, ಮೂರರಲ್ಲೂ ಬಿಡುವಿರುವ ಹೊತ್ತು ಯಾವುದು ಎಂದು ಹುಡುಕಬೇಕು. ಈ ಕಾರ್ಖಾನೆಯ ಲೆಕ್ಕದಲ್ಲಿ ಅಂಥ ಎರಡು ಹೊತ್ತು ಸಿಗುತ್ತವೆ. ಸಂಜೆ ಏಳರ ಆಸುಪಾಸು: ಫಸ್ಟ್ ಶಿಫ್ಟ್‌ನಲ್ಲಿ ಮನೆ, ಸೆಕೆಂಡ್ ಶಿಫ್ಟ್‌ನಲ್ಲಿ ಕ್ಯಾಂಟೀನ್ ಊಟದ ಬಿಡುವು, ಥರ್ಡ್ ಶಿಫ್ಟ್‌ನಲ್ಲಿ ಬಸ್ಸಿಗೆ ಮುಂಚೆ ಮನೆ. ಬೆಳಿಗ್ಗೆ ಏಳೂವರೆಯಿಂದ ಎಂಟು: ಫಸ್ಟ್ ಶಿಫ್ಟ್‌ನಲ್ಲಿ ತಿಂಡಿಯ ಬಿಡುವು, ಉಳಿದೆರಡರಲ್ಲಿ ಮನೆ. ಈ ಎರಡು ಊಟ ಯಾವ ವಾರವೂ ಕದಲಬಾರದು. ಮಧ್ಯಾಹ್ನ ಎರಡರ ಊಟವೂ ಹೆಚ್ಚುಕಡಿಮೆ ಮೂರು ಪಾಳಿಗೂ ಹೊಂದುತ್ತದೆ.

ಸಂಜೆ ಏಳರದ್ದು ದಿನದ ದೊಡ್ಡ ಊಟ. ಸುಮಾರು 80 ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ, ಒಂದು ದೊಡ್ಡ ಬಟ್ಟಲು ಕಾಳಿನ ಸಾರು ಅಥವಾ ಬಸ್ಸಾರು, ಒಂದು ಬಟ್ಟಲು ಪಲ್ಯ, ಸ್ವಲ್ಪ ಅನ್ನ, ಮಜ್ಜಿಗೆ. ತೂಕಡಿಕೆಯ ಭಯ ಸುಳ್ಳಲ್ಲ, ಆದರೆ ಏಳಕ್ಕೆ ಉಂಡರೆ ಮಷಿನ್ ಮುಂದೆ ನಿಲ್ಲುವುದಕ್ಕೆ ಇನ್ನೂ ಮೂರು ಗಂಟೆಯಿದೆ. ಮಂಪರು ತರುವುದು ಎರಡು ಗಂಟೆಯ ಊಟವೇ. ದೇಹದ ಎಚ್ಚರ ತಾನಾಗಿ ಕೆಳಗಿಳಿಯುವ ಮೂರರಿಂದ ಐದರ ಹೊತ್ತಿಗೆ ಅದು ಜೊತೆಗೂಡುತ್ತದೆ. ತಿರುಗುವ ಯಂತ್ರದ ಹತ್ತಿರ ಕೈಯಿಟ್ಟು ದುಡಿಯುವವರಿಗೆ ಇದು ಹೊಟ್ಟೆಯ ವಿಷಯವಷ್ಟೇ ಅಲ್ಲ.

ನಡುರಾತ್ರಿಗೆ ಏನೂ ಬೇಡ ಎಂದು ಹೇಳುವುದು ಪ್ರಯೋಗಾಲಯದಲ್ಲಿ ಸರಿ, ಎಂಟು ಗಂಟೆ ನಿಂತು ದುಡಿಯುವವರಿಗೆ ಸರಿಯಲ್ಲ. ಹನ್ನೆರಡರ ಹೊತ್ತಿಗೆ ಸಿಪ್ಪೆ ಸಮೇತ ಹುರಿದ ಕಡಲೆ ಒಂದು ಹಿಡಿ, ಸುಮಾರು 30 ಗ್ರಾಂ. ಎರಡಕ್ಕೆ ಎಲ್ಲರ ಜೊತೆ ಕ್ಯಾಂಟೀನಿಗೆ ಹೋಗಲಿ, ಆದರೆ ಎರಡು ಬೇಯಿಸಿದ ಮೊಟ್ಟೆ, ಅಥವಾ ಮನೆಯಿಂದ ತಂದ ಒಂದು ಬಟ್ಟಲು ಹೆಸರುಕಾಳಿನ ಉಸಲಿ, ಮೇಲೆ ಮಜ್ಜಿಗೆ. ಉಸಲಿ ತರುವುದಾದರೆ ಬಿಸಿಯಾಗಿ ಫ್ಲಾಸ್ಕಿನಲ್ಲಿ ತರಬೇಕು, ಅನ್ನಕ್ಕೆ ಹೇಳಿದ ಮಾತು ಇದಕ್ಕೂ ಸೇರಿದ್ದು. ಚಹಾ ಎರಡಕ್ಕೆ ಕೊನೆ. ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಐದು ಗಂಟೆಗೆ ಕುಡಿದ ಚಹಾ ಮತ್ತು ಏಳೂಕಾಲರ ಕಾಫಿ ನೇರವಾಗಿ ಬೆಳಗಿನ ನಿದ್ದೆಯನ್ನು ಕತ್ತರಿಸುತ್ತವೆ, ಕಡಿಮೆ ನಿದ್ದೆ ಮರುರಾತ್ರಿಯ ಹಸಿವನ್ನು ಹೆಚ್ಚಿಸುತ್ತದೆ.

ಬೆಳಿಗ್ಗೆ ಮನೆಗೆ ಬಂದ ಮೇಲೆ ಹಸಿವಿಲ್ಲದಿದ್ದರೂ ಸ್ವಲ್ಪ ತಿನ್ನಬೇಕು. ಒಂದು ದೊಡ್ಡ ಲೋಟ ಬಿಸಿನೀರು, ಎರಡು ಇಡ್ಲಿ ಅಥವಾ ಒಂದು ಬಟ್ಟಲು ರಾಗಿ ಗಂಜಿ. ಇದರ ಉದ್ದೇಶ ಎರಡು: ಹನ್ನೊಂದಕ್ಕೆ ಹಸಿವು ನಿದ್ದೆಯಿಂದ ಎಬ್ಬಿಸದಿರುವುದು, ಮತ್ತು ಕರುಳಿನ ಬೆಳಗಿನ ಸಂಕೋಚನವನ್ನು ಕರೆಯುವುದು. ತಿಂದ ಹದಿನೈದು ನಿಮಿಷಕ್ಕೆ, ಒತ್ತಡ ಇರಲಿ ಬಿಡಲಿ, ಶೌಚಕ್ಕೆ ಹೋಗಿ ಹತ್ತು ನಿಮಿಷ ಕೂರಬೇಕು. ಫೋನ್ ಹೊರಗಿರಲಿ, ತಿಣುಕುವುದು ಬೇಡ. ಕಮೋಡ್ ಆದರೆ ಕಾಲ ಕೆಳಗೆ ಒಂದಡಿಗಿಂತ ಸ್ವಲ್ಪ ಕಡಿಮೆ ಎತ್ತರದ ಮಣೆಯಿಟ್ಟು ಮುಂದಕ್ಕೆ ಬಾಗಬೇಕು. ಬಸ್ಸಿನಲ್ಲಿ ಬರುವ ಆರೂವರೆಯ ಒತ್ತಡಕ್ಕೆ ಇನ್ನೂ ಸುಲಭದ ಉಪಾಯವಿದೆ. ಪಾಳಿ ಮುಗಿದ ಕೂಡಲೇ, ಬಸ್ ಹತ್ತುವ ಮುಂಚೆ ಕಾರ್ಖಾನೆಯಲ್ಲೇ ಒಂದು ಲೋಟ ಬಿಸಿನೀರು ಕುಡಿದು ಶೌಚಾಲಯಕ್ಕೆ ಹೋಗಿ ಬರುವುದು. ಅದು ಆಗುತ್ತದೋ ಇಲ್ಲವೋ ಎನ್ನುವುದು ಆ ಶೌಚಾಲಯ ಕೂರುವಂತಿದೆಯೇ ಎಂಬುದರ ಮೇಲೆ ನಿಂತಿದೆ.

ಇದು ಮಹಿಳೆಯರಿಗೆ ಇನ್ನೂ ಕಟುವಾದ ಪ್ರಶ್ನೆ. ಕಾರ್ಖಾನೆ ಕಾಯ್ದೆಯ 2023ರ ತಿದ್ದುಪಡಿಯ ಮೂಲಕ ಕರ್ನಾಟಕ ಮಹಿಳೆಯರ ರಾತ್ರಿ ಪಾಳಿಗೆ ಕಾಯ್ದೆಯಲ್ಲೇ ಅವಕಾಶ ಕಲ್ಪಿಸಿತು. ಶೌಚಾಲಯ ದೂರವಿದ್ದರೆ, ದಾರಿ ಕತ್ತಲಿದ್ದರೆ, ಮಷಿನ್ ಬಿಡಲು ಬದಲಿ ಆಳು ಸಿಗದಿದ್ದರೆ ಅವರು ಮಾಡುವುದು ಒಂದೇ: ನೀರು ಕುಡಿಯುವುದನ್ನು ನಿಲ್ಲಿಸುವುದು. ಅಂಥವರಿಗೆ ನಾರು ಹೆಚ್ಚಿಸಿ ಎಂದು ಬರೆದುಕೊಟ್ಟರೆ ಮಲಬದ್ಧತೆ ಹೆಚ್ಚುತ್ತದೆ. ಮೊದಲು ಕೇಳಬೇಕಾದ್ದು "ರಾತ್ರಿ ಎಷ್ಟು ಸಲ ಮೂತ್ರಕ್ಕೆ ಹೋಗ್ತೀರಿ?" ಎಂದು. ಎಂಟು ಗಂಟೆಯಲ್ಲಿ ಒಮ್ಮೆಯೂ ಇಲ್ಲ ಎಂದರೆ ಕೆಲಸದ ಜಾಗವೇ ತೊಂದರೆಯ ಮೂಲ.

ನಾರಿನ ಲೆಕ್ಕ ಹೀಗಿದೆ. ಬಿಳಿ ಅನ್ನ, ಸಾರು, ಬಿಸ್ಕತ್ತಿನ ಹಳೆಯ ದಿನಚರಿಯಲ್ಲಿ ಆತನಿಗೆ ಸಿಗುತ್ತಿದ್ದುದು ಅಂದಾಜು 15 ಗ್ರಾಂ. ಬೇಕಾದ್ದು ಅದರ ಇಮ್ಮಡಿ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಒಳಗೆ, ರಾಗಿಯಲ್ಲಿ ಹನ್ನೊಂದು. ಒಂದು ಮುದ್ದೆ, ಒಂದು ಹಿಡಿ ಕಡಲೆ, ಮಧ್ಯಾಹ್ನ ಒಂದು ಸೀಬೆಹಣ್ಣು ಇಷ್ಟೇ ಕೊರತೆಯನ್ನು ತುಂಬುತ್ತವೆ. ಆದರೆ ಒಂದೇ ದಿನ ತುಂಬಬಾರದು. ಮೊದಲ ನಾಲ್ಕು ದಿನ ಮುದ್ದೆ ಮಾತ್ರ, ಮುಂದಿನ ನಾಲ್ಕು ದಿನಕ್ಕೆ ಹಣ್ಣು, ಆಮೇಲೆ ಕಡಲೆ. ನೀರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್, ಅದರಲ್ಲಿ ಮುಕ್ಕಾಲು ಲೀಟರಾದರೂ ಪಾಳಿಯೊಳಗೆ. ಇಸಬ್ಗೋಲ್ ಬೇಕೆನಿಸಿದರೆ ಒಂದು ಚಮಚ, ಒಂದು ಪೂರ್ತಿ ಲೋಟ ನೀರಿನಲ್ಲಿ ಕಲಸಿದ ತಕ್ಷಣ ಕುಡಿದು ಮೇಲೆ ಇನ್ನೊಂದು ಲೋಟ ನೀರು. ಅದನ್ನು ನೀರು ಸಿಗುವ ಸಂಜೆಯ ಹೊತ್ತಿಗೆ ಇಟ್ಟುಕೊಳ್ಳಬೇಕು, ಮಲಗುವ ಮುಂಚೆ ಬೇಡ. ಬೈಸಾಕೊಡಿಲ್‌ನಂಥ ಜುಲಾಬಿನ ಮಾತ್ರೆ ಕೆಲಸ ಮಾಡಲು ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. "ರಾತ್ರಿ ಮಲಗುವಾಗ ಒಂದು" ಎಂಬ ಚೀಟಿಯ ಮಾತನ್ನು ಬೆಳಿಗ್ಗೆ ಎಂಟಕ್ಕೆ ಮಲಗುವವರು ಪಾಲಿಸಿದರೆ ಅದು ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರ ನಡುವೆ, ಕೆಲಸಕ್ಕೆ ಹೊರಡುವ ಹೊತ್ತಿಗೂ ಕಾಡಬಹುದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಇದರಲ್ಲಿ ಯಾವುದನ್ನೂ ತಾವಾಗಿ ಮಾಡಬಾರದು. ಔಷಧಿಯ ಹೊತ್ತು ಸರಿಸದೆ ಎರಡು ಗಂಟೆಯ ಊಟವನ್ನು ಬಿಟ್ಟರೆ ನಸುಕಿನಲ್ಲಿ ಸಕ್ಕರೆ ಕುಸಿದು ಮಷಿನ್ ಮುಂದೆಯೇ ಬೀಳಬಹುದು. ಔಷಧಿಯ ಸಮಯವನ್ನು ವೈದ್ಯರು ಬದಲಿಸಿದ ಮೇಲಷ್ಟೇ ಊಟದ ಸಮಯ ಬದಲಾಗಬೇಕು.

ಕಾಲ್ ಸೆಂಟರ್‌ನ ಸಂಜೆ ಆರೂವರೆಯಿಂದ ನಸುಕಿನ ಮೂರೂವರೆಯ ಪಾಳಿಗೆ ಏಳರ ಊಟ ಹೊಂದುವುದಿಲ್ಲ. ಅವರು ಐದೂವರೆಗೆ ಮನೆಯಲ್ಲಿ ಅರ್ಧ, ಎಂಟೂವರೆಯ ಬಿಡುವಿನಲ್ಲಿ ಇನ್ನರ್ಧ ಎಂದು ಒಡೆದುಕೊಳ್ಳಬಹುದು. ನಸುಕಿನಲ್ಲಿ ಕ್ಯಾಬ್ ಇಳಿದ ಮೇಲೆ ದಾರಿಬದಿಯ ಬಿರಿಯಾನಿ ತಿಂದು ಅರ್ಧ ಗಂಟೆಯೊಳಗೆ ಮಲಗುವುದೇ ಅವರ ಎದೆಯುರಿಯ ಮುಖ್ಯ ಕಾರಣ. ದೊಡ್ಡ ಊಟಕ್ಕೂ ಮಲಗುವುದಕ್ಕೂ ನಡುವೆ ಕನಿಷ್ಠ ಎರಡು ಮೂರು ಗಂಟೆ ಬೇಕು.

ಆಪರೇಟರ್‌ನ ಮುಂದಿನ ಸಂದೇಶ ಹತ್ತು ದಿನದ ಮೇಲಿನದು. "ಮೇಡಂ, ಎರಡು ಗಂಟೆ ಹಸಿವು ಈಗ ಅಷ್ಟಿಲ್ಲ. ಮೋಶನ್ ಎರಡು ದಿನಕ್ಕೊಂದ್ಸಲ, ನಂಬರ್ 3. ಆದ್ರೆ ಗ್ಯಾಸ್ ವಿಪರೀತ, ಹೊಟ್ಟೆ ಉಬ್ಬರ. ಮುದ್ದೆ ಬಿಟ್ಬಿಡ್ಲಾ?" ದಾಖಲೆ ನೋಡಿದರೆ ಕಾರಣ ಎದುರಿಗೇ ಇದೆ. ಮೂರನೇ ದಿನವೇ ಹುರುಳಿಕಾಳಿನ ಸಾರು, ಸೀಬೆ, ಕಡಲೆ, ಜೊತೆಗೆ ಯಾರೋ ಹೇಳಿದರೆಂದು ಎರಡು ಚಮಚ ಇಸಬ್ಗೋಲ್, ಎಲ್ಲವೂ ಒಟ್ಟಿಗೆ ಶುರುವಾಗಿವೆ.

"ಮುದ್ದೆ ಬಿಡ್ಬೇಡಿ. ಇಸಬ್ಗೋಲ್, ಕಡಲೆ ಎರಡನ್ನೂ ಒಂದು ವಾರ ನಿಲ್ಲಿಸಿ. ಕಾಳನ್ನ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ. ಹುರುಳಿ ಬದಲು ಸದ್ಯಕ್ಕೆ ಹೆಸರುಕಾಳು ಸಾಕು. ಮುಂದಿನ ವಾರ ಫಸ್ಟ್ ಶಿಫ್ಟ್ ಅಂದ್ರಲ್ಲ, ಎಂಟು ಗಂಟೆ ಬ್ರೇಕಲ್ಲಿ ತಿಂಡಿ ಆದ್ಮೇಲೆ ಹತ್ತು ನಿಮಿಷ ಶೌಚಕ್ಕೆ ಹೋಗಿ, ಸಂಜೆ ಏಳಕ್ಕೇ ಊಟ ಮಾಡಿ. ಮೂರು ಪಾಳಿ ಒಂದು ಸುತ್ತು ಮುಗಿದ ಮೇಲೆ ಇದೇ ಥರ ಬರೆದು ಕಳಿಸಿ. ಆಗ್ಲೂ ನಂಬರ್ 1, 2 ಇದ್ರೆ, ಇಲ್ಲಾ ತೂಕ ಇಳಿಯೋಕೆ ಶುರುವಾದ್ರೆ, ಡಾಕ್ಟರ್ ಹತ್ರ ಹೋಗುವಾಗ ಈ ದಾಖಲೆನೂ ತಗೊಂಡು ಹೋಗಿ."